ಗೋಡೆಯ ದೀರ್ಘ

ಬೆಂಗಳೂರಿನ ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ಒಂದು ಬೇಕರಿ, ಅದರ ಮೇಲೆ ಟೈಲರ್ ಅಂಗಡಿ, ಅದರ ಮೇಲೆ ಕಲ್ಮೇಶನ ಕಂಪನಿ. ಕಂಪನಿ ಅಂದರೆ ಎರಡು ಕೋಣೆ, ನಾಲ್ಕೈದು ಮೇಜು, ತಲೆಯ ಮೇಲೊಂದು ಕ್ಯಾಮೆರಾ. ಕ್ಯಾಮೆರಾ ಕಳ್ಳರಿಗಾಗಿ ಹಾಕಿಸಿದ್ದಲ್ಲ. ಕಳ್ಳರು ಬಾಗಿಲಿನಿಂದ ಬರುತ್ತಾರೆ. ಇದರ ಮುಖ ಮೇಜುಗಳ ಕಡೆಗಿತ್ತು. ಅದರ ಕೆಳಗೆ ಕೂತು ಗುರುದೇವಿ ಒಂದು ಪಾರ್ಸರ್, ಅಂದರೆ ಲೆಕ್ಕದ ಸಾಲನ್ನು ಓದುವ ಕೋಡು, ಬರೆದಳು. ಅದನ್ನು ಬರೆದದ್ದು ಅವಳೇ ಎಂದು ಆ ಕೋಣೆಯಲ್ಲಿ ಬಹಳ ದಿನ ಯಾರೂ ನಂಬಲಿಲ್ಲ.

ಗುರುದೇವಿ ಲಿಂಗಸುಗೂರು ಕಡೆಯವಳು. ಅಲ್ಲೇ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದವಳಿಗೆ ಬೆಂಗಳೂರಲ್ಲಿ ಮೊದಲು ಸಿಕ್ಕಿದ್ದು ಹಾಜರಿ ಹಾಕುವ ಹೆಬ್ಬೆಟ್ಟಿನ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗುವುದು, ಗೋಡೆಯಿಂದ ಯಂತ್ರ ಬಿಚ್ಚುವುದು, ನೋಡುವುದು, ಮತ್ತೆ ಕೂರಿಸುವುದು. ವರ್ಷಗಟ್ಟಲೆ ಬಟ್ಟೆ ಉಜ್ಜಿ ಉಜ್ಜಿ ಬೆರಳ ಗೆರೆ ಸವೆದುಹೋದ ಹೆಂಗಸರನ್ನು ಆ ಯಂತ್ರ ಗುರುತಿಸುತ್ತಿರಲಿಲ್ಲ. ಯಂತ್ರ ಗುರುತಿಸದಿದ್ದರೆ ಆ ಹೆಂಗಸು ಬಂದೇ ಇಲ್ಲ. ಕಣ್ಣೆದುರು ನಿಂತಿದ್ದಾಳೆ, ಬೆವರುತ್ತಿದ್ದಾಳೆ, ಆದರೆ ಬಂದಿಲ್ಲ. "ಇವರೆಲ್ಲ ಬೇಕಂತಲೇ ಬೆರಳು ಸರಿಯಾಗಿ ಇಡಲ್ಲ ಕಣಮ್ಮ" ಎಂದ ಒಬ್ಬ ಸೂಪರ್‌ವೈಸರನಿಗೆ ಗುರುದೇವಿ, "ಬೆರಳಲ್ಲ ಸಾರ್, ನಿಮ್ ಯಂತ್ರದ್ದೇ ತಪ್ಪು" ಅಂದಳು. ಆತ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ನೀನು ಯಾರ ಕಡೆಯವಳು?"

ಆ ಕೆಲಸ ಹೋಯಿತು. ಉಳಿದದ್ದು ಒಂದು ಪಾಠ. ಯಂತ್ರ ತಪ್ಪಿದಾಗ ಜನ ಯಂತ್ರವನ್ನು ಬಿಚ್ಚಿ ನೋಡುವುದಿಲ್ಲ, ಹತ್ತಿರ ನಿಂತ ಮನುಷ್ಯನ ಮುಖ ನೋಡುತ್ತಾರೆ. ಅದನ್ನು ಚೆನ್ನಾಗಿ ಬಲ್ಲ ಅವಳೇ ಮುಂದೆ ಅದನ್ನೇ ಮಾಡಿದಳು.

ಕಲ್ಮೇಶನ ಕಂಪನಿಯ ಆ್ಯಪ್ ಹೆಸರು 'ಅಳತೆ'. ಪೇಂಟರ್‌ಗಳು, ಟೈಲ್ಸ್ ಹಾಕುವವರು, ಬಡಗಿಗಳು ಫೋನಲ್ಲಿ ಬಳಸುವ ಕ್ಯಾಲ್ಕುಲೇಟರ್ ಅದು. ಬರೀ ಅಂಕಿ ಒತ್ತುವುದಲ್ಲ, ಹೆಸರನ್ನೂ ಕೊಡಬಹುದು. 'ಉದ್ದ = 12' ಅಂತ ಬರೆದಿಟ್ಟರೆ ಆಮೇಲೆ ಲೆಕ್ಕದಲ್ಲಿ ಉದ್ದ ಅಂದಾಗಲೆಲ್ಲ ಅದು ಹನ್ನೆರಡು ಎಂದೇ ತಿಳಿಯುತ್ತದೆ. ಕೋಣೆ ಬದಲಾದರೆ ಉದ್ದ ಬದಲಿಸಿದರೆ ಸಾಕು, ಲೆಕ್ಕದ ಸಾಲು ಹಾಗೇ ಇರುತ್ತದೆ. ಆ ಸಾಲನ್ನು ವಾಟ್ಸಾಪಲ್ಲಿ ಇನ್ನೊಬ್ಬನಿಗೆ ಕಳಿಸಬಹುದು ಕೂಡ.

ಈ ಕಳಿಸುವ ಸೌಲಭ್ಯದಿಂದಲೇ ಗುರುದೇವಿಗೆ ಅಲ್ಲಿ ಕೆಲಸ ಸಿಕ್ಕಿದ್ದು. ಮೊದಲು ಆ್ಯಪನ್ನು ಬರೆದವನು ಅಮರೇಶ. ಕೊಪ್ಪಳದ ಹುಡುಗ, ಕೈ ಚುರುಕು, ಬಾಯಿ ಇನ್ನೂ ಚುರುಕು. ಅವನು ಲೆಕ್ಕವನ್ನು ತಾನು ಓದುವ ಗೋಜಿಗೇ ಹೋಗಿರಲಿಲ್ಲ. ಬಳಕೆದಾರ ಏನು ಬರೆದನೋ ಅದನ್ನು ಹಾಗೇ ಎತ್ತಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಕೈಗೆ ಕೊಟ್ಟು 'ನಡೆಸು' ಅಂದಿದ್ದ. ಒಂದೇ ಸಾಲಿನ ಕೋಡು. ಕೆಲಸವೇನೋ ಆಗುತ್ತಿತ್ತು. ಆದರೆ ನಡೆಸು ಅಂದರೆ ಅದು ಲೆಕ್ಕವನ್ನು ಮಾತ್ರ ನಡೆಸುವುದಿಲ್ಲ, ಬಂದದ್ದನ್ನೆಲ್ಲ ನಡೆಸುತ್ತದೆ. ಯಾವನೋ ಪುಂಡ ಲೆಕ್ಕದ ಬದಲು ಮುಗಿಯದೇ ಸುತ್ತುವ ಆಜ್ಞೆಯೊಂದನ್ನು ವಾಟ್ಸಾಪಲ್ಲಿ ಹರಿಬಿಟ್ಟ. ಅದನ್ನು ತೆರೆದ ಪೇಂಟರ್‌ಗಳ ಫೋನುಗಳಲ್ಲಿ ಆ್ಯಪ್ ಕಲ್ಲಾಗಿ ಕೂತಿತು. ಕಲ್ಮೇಶ ಹೆದರಿದ. ಲೆಕ್ಕವನ್ನು ಬಿಟ್ಟು ಬೇರೆ ಏನನ್ನೂ ಒಳಗೆ ಬಿಡದ ಸ್ವಂತ ಪಾರ್ಸರ್ ಬೇಕು ಅಂದ. ಆರು ತಿಂಗಳ ಪ್ರೊಬೇಷನ್ ಮೇಲೆ ಗುರುದೇವಿ ಬಂದಳು. ಪಾರ್ಸರ್ ನಿಂತರೆ ಕೆಲಸ ಕಾಯಂ, ಬಿದ್ದರೆ ಮನೆಗೆ.

ಪಾರ್ಸರ್ ಅಂದರೆ ಹೆದರುವಂಥದ್ದೇನಲ್ಲ. ಬರೆದ ಸಾಲನ್ನು ಎಡದಿಂದ ಓದುತ್ತಾ, ಅಂಕಿ, ಹೆಸರು, ಚಿಹ್ನೆ, ಬ್ರಾಕೆಟ್ಟು ಎಂದು ತುಂಡು ಮಾಡಿ, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವ ಕೋಡು, ಅಷ್ಟೇ. ಗುರುದೇವಿ ಮೂರು ಫಂಕ್ಷನ್, ಅಂದರೆ ಒಂದನ್ನೊಂದು ಕರೆಯುವ ಮೂರು ತುಂಡು ಕೋಡು, ಬರೆದಳು. ಮೊದಲನೆಯದು ಕೂಡು-ಕಳೆ ನೋಡಿಕೊಳ್ಳುತ್ತದೆ. ಆದರೆ ತಾನು ಕೂಡುವ ಮೊದಲು ಪ್ರತಿ ತುಂಡನ್ನೂ ಎರಡನೆಯದಕ್ಕೆ ಒಪ್ಪಿಸುತ್ತದೆ. ಅದು ಗುಣಾಕಾರ-ಭಾಗಾಕಾರ ಮುಗಿಸಿ ಕೊಡುತ್ತದೆ. ಅದಕ್ಕಾಗಿಯೇ ಗುಣಾಕಾರ ಮೊದಲು ಆಗುವುದು. ಎರಡನೆಯದು ತನ್ನ ತುಂಡುಗಳನ್ನು ಮೂರನೆಯದರಿಂದ ಕೇಳಿ ಪಡೆಯುತ್ತದೆ. ಮೂರನೆಯದರ ಮುಂದೆ ಅಂಕಿ ಬಂದರೆ ಅಂಕಿ, ಹೆಸರು ಬಂದರೆ ಆ ಹೆಸರಿನ ಬೆಲೆ. ಬ್ರಾಕೆಟ್ ತೆರೆದರೆ ಮತ್ತೆ ಮೊದಲನೆಯದನ್ನೇ ಕರೆದು, ಒಳಗಿನದ್ದನ್ನೆಲ್ಲ ಮುಗಿಸು, ಮುಚ್ಚುವ ಬ್ರಾಕೆಟ್ ಸಿಗುವ ತನಕ ನಾನು ಕಾಯುತ್ತೇನೆ ಅನ್ನುತ್ತದೆ. 2 × (12 + 10) × 10 ಅಂದರೆ 440. ಬ್ರಾಕೆಟ್ ಬಿಟ್ಟರೆ 124. ನಾಲ್ಕು ಗೋಡೆ ಬಳಿಯಬೇಕಾದವನಿಗೆ ಒಂದೇ ಗೋಡೆಯಷ್ಟು ಬಣ್ಣ.

ಮೊದಲ ಆವೃತ್ತಿಯನ್ನು ತೋರಿಸಿದ ದಿನವೇ ಅಮರೇಶ ಒಂದು ಲೆಕ್ಕ ಒತ್ತಿದ. 120 − 21 − 12. ಗೋಡೆಯಿಂದ ಬಾಗಿಲು ಕಳೆದು, ಕಿಟಕಿ ಕಳೆದು. ಬರಬೇಕಾದದ್ದು 87, ಬಂದದ್ದು 111.

"ಏನ್ ಗುರು, ನಿಮ್ಮೂರಲ್ಲಿ ಕಿಟಕಿ ಹಾಕಿದ್ರೆ ಗೋಡೆ ಬೆಳೆಯುತ್ತಾ?" ಅಂದ. ಹುಡುಗರನ್ನೆಲ್ಲ ಗುರು ಅನ್ನುವ ಅಭ್ಯಾಸ ಅವನದು. ಇವಳ ಹೆಸರೇ ಗುರುದೇವಿ ಆದದ್ದರಿಂದ ಇನ್ನೂ ಅನುಕೂಲವಾಗಿತ್ತು.

ಅವಳ ಮುಖ ಕೆಂಪಾಯಿತು, ಆದರೆ ತಪ್ಪು ತಕ್ಷಣ ಕಂಡಿತು. ಕಳೆಯುವ ಚಿಹ್ನೆ ಸಿಕ್ಕ ಕೂಡಲೇ ಅವಳ ಫಂಕ್ಷನ್ ಉಳಿದ ಸಾಲನ್ನೆಲ್ಲ ಮತ್ತೆ ತನಗೇ ಒಪ್ಪಿಸುತ್ತಿತ್ತು. ಹಾಗಾಗಿ ಮೊದಲು 21 − 12 ಆಗಿ, ಆ ಒಂಬತ್ತನ್ನು 120ರಿಂದ ಕಳೆಯುತ್ತಿತ್ತು. ತನ್ನನ್ನೇ ಕರೆಯುವುದನ್ನು ಬಿಡಿಸಿ, ಎಡದಿಂದ ಒಂದೊಂದಾಗಿ ಕಳೆಯುತ್ತಾ ಹೋಗುವ ಲೂಪ್ ಹಾಕಿದಳು. 87 ಬಂತು.

ಕಲ್ಮೇಶ ಇದನ್ನೆಲ್ಲ ತನ್ನ ಕೋಣೆಯ ಗಾಜಿನಿಂದ ನೋಡುತ್ತಿದ್ದ. ಸಂಜೆ ಕರೆದ.

"ಗುರುದೇವಿ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಇದು ನೀವೇ ಬರ್ದಿದ್ದಾ, ಇಲ್ಲ ಎಐ ಕೈಲಿ ಬರೆಸಿದ್ದಾ?"

"ನಾನೇ ಬರ್ದಿದ್ದು ಸಾರ್."

"ಅಲ್ಲ, ಈಗಿನ ಕಾಲದಲ್ಲಿ ಎಲ್ರೂ ಬರೆಸ್ತಾರೆ. ಅದು ತಪ್ಪು ಅಂತಲ್ಲ. ಗೊತ್ತಿಲ್ದೆ ಬರೆಸಿ ಗೊತ್ತಿದೆ ಅನ್ನೋದು ತಪ್ಪು. ಕಳೆಯೋದೇ ತಪ್ಪಿತ್ತಲ್ಲ?"

"ಬರೆಸಿದ್ರೆ ತಪ್ಪಿರ್ತಿರ್ಲಿಲ್ಲ ಸಾರ್. ನಾನು ಬರೆದಿದ್ದಕ್ಕೇ ತಪ್ಪಿತ್ತು."

ಈ ಉತ್ತರ ಅವನಿಗೆ ಹಿಡಿಸಲಿಲ್ಲ. ಜಾಣ ಉತ್ತರ ಕೊಡುವ ಕೆಲಸಗಾರರ ಮೇಲೆ ಮಾಲೀಕರಿಗೆ ಮೊದಲಿನಿಂದಲೂ ಒಂದು ಕಣ್ಣು.

ಎರಡನೆಯ ಪೆಟ್ಟು ಕನ್ನಡದ್ದು. 'ಅಗಲ' ಅಂತ ಹೆಸರು ಕೊಟ್ಟರೆ ಪಾರ್ಸರ್ ಓದುತ್ತಿತ್ತು. 'ಉದ್ದ' ಅಂದರೆ ಕಕ್ಕಾಬಿಕ್ಕಿ. ಹೆಸರಲ್ಲಿ ಬರೀ ಅಕ್ಷರ ಇರಬೇಕು ಎಂದು ಅವಳು ತಪಾಸಣೆ ಇಟ್ಟಿದ್ದಳು. ಕಂಪ್ಯೂಟರಿನ ಲೆಕ್ಕದಲ್ಲಿ ಅ, ಗ, ಲ ಅಕ್ಷರಗಳು. ಒತ್ತಕ್ಷರ ಮಾಡುವ ಆ ಸಣ್ಣ ಗುರುತು, ಕೊಂಬು, ಗುಡಿಸು, ದೀರ್ಘ ಇವು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟಿಕೊಂಡ ಗುರುತುಗಳು. ಹಾಗಾಗಿ 'ಉದ್ದ'ವನ್ನು ದಕಾರದ ಹತ್ತಿರವೇ ಕಡಿದುಹಾಕುತ್ತಿತ್ತು. ಇಂಗ್ಲಿಷ್ ನೋಡಿ ಕಲಿತವರೆಲ್ಲ ಮಾಡುವ ತಪ್ಪು ಅದು. ಗುರುತುಗಳನ್ನೂ ಒಳಗೆ ಬಿಡು ಎಂದು ತಿದ್ದಿದಳು. ಉದ್ದ ನಿಂತಿತು, ಎತ್ತರ ನಿಂತಿತು, ಬಾಗಿಲು ನಿಂತಿತು. ಆದರೆ ಕಲ್ಮೇಶನ ಮನಸ್ಸಿನಲ್ಲಿ ಇವಳ ಲೆಕ್ಕಕ್ಕೆ ಎರಡನೇ ಗೀಟು ಬಿತ್ತು.

ಆಮೇಲೆ ಗೋಡೆ ಬಂತು.

ಕೆಂಗೇರಿ ಉಪನಗರದಲ್ಲಿ ಪೇಂಟರ್‌ಗಳ ಸಂಘದವರ ಸಭೆ ಇತ್ತು. ಅಲ್ಲಿ ಆ್ಯಪ್ ತೋರಿಸಬೇಕು. ಅವರು ಒಪ್ಪಿದರೆ ಊರೆಲ್ಲ ಹಬ್ಬುತ್ತದೆ. ಅದಕ್ಕಾಗಿ ಕಲ್ಮೇಶ ಸಿದ್ಧ ಸೂತ್ರಗಳನ್ನು ಬರೆಸಿದ್ದ. ಪೇಂಟರ್ ತಾನೇ ಸೂತ್ರ ಕಟ್ಟಬೇಕಿಲ್ಲ; ಅಳತೆ ಕೊಟ್ಟರೆ ಸಾಕು. ಬರೆದುಕೊಟ್ಟವರು ಚನ್ನವೀರಪ್ಪ. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಜೀವಮಾನವಿಡೀ ಡಿಟಿಪಿ ಮಾಡಿ, ಮದುವೆ ಕರೆಯೋಲೆ, ಶಿವಗಣಾರಾಧನೆ ಕಾರ್ಡು ಅಚ್ಚುಹಾಕಿಸಿ ಸುಸ್ತಾದವರು. ಕಲ್ಮೇಶನ ದೂರದ ನೆಂಟರು. ಈಗ ಕಂಪನಿಯ ಕನ್ನಡವನ್ನೆಲ್ಲ ಅವರೇ ನೋಡುತ್ತಿದ್ದರು. ಅವರು ಕಳಿಸಿದ ಸೂತ್ರಗಳನ್ನು ಆ್ಯಪಿಗೆ ಹಾಕುವ ಕೆಲಸ ಅಮರೇಶನದು.

ಸಭೆಗೆ ನಾಲ್ಕೈದು ದಿನ ಇರುವಾಗ ಕಲ್ಮೇಶ ತನ್ನ ಫೋನಲ್ಲಿ ಒತ್ತಿ ನೋಡಿದ. 'ಗೋಡೆ = 12' ಅಂದ. 'ಎತ್ತರ = 10' ಅಂದ. ಬಾಗಿಲು 21, ಕಿಟಕಿ 12. ಆಮೇಲೆ ಸಿದ್ಧ ಸೂತ್ರ ತೆರೆದ: ಗೋಡೆ × ಎತ್ತರ − ಬಾಗಿಲು − ಕಿಟಕಿ.

ಪರದೆಯ ಮೇಲೆ ಬಂತು: "ಗೋಡೆ ಎಂಬ ಹೆಸರು ಗೊತ್ತಿಲ್ಲ."

ಅದರ ಮೇಲಿನ ಸಾಲಲ್ಲೇ 'ಗೋಡೆ = 12' ಎಂದು ಕಣ್ಣಿಗೆ ಹೊಡೆಯುವಂತೆ ಕೂತಿತ್ತು.

"ಏನ್ರೀ ಇದು?" ಎಂದು ಕಲ್ಮೇಶ ಹೊರಗೆ ಬಂದ. "ಈಗ ತಾನೆ ಹೇಳ್ದೆ ಗೋಡೆ ಹನ್ನೆರಡು ಅಂತ. ಮರುಕ್ಷಣ ಗೋಡೆ ಯಾರು ಅಂತ ಕೇಳ್ತದಲ್ಲ?"

ಗುರುದೇವಿ ತನ್ನ ಫೋನಲ್ಲಿ ಸೂತ್ರವನ್ನು ಕೈಯಾರೆ ಬರೆದಳು. 87 ಬಂತು. "ನನ್ನತ್ರ ಬರ್ತಿದೆ ಸಾರ್."

"ನಿಮ್ಮತ್ರ ಬರುತ್ತೆ, ನನ್ನತ್ರ ಬರಲ್ಲ. ಜನಕ್ಕೆ ನಿಮ್ ಫೋನ್ ಕೊಟ್ಟು ಕಳಿಸ್ಲಾ?"

ಸೂತ್ರಗಳನ್ನು ಒಂದೊಂದಾಗಿ ನೋಡಿದಳು. ಉದ್ದ, ಅಗಲ, ಎತ್ತರ ಮಾತ್ರ ಇರುವ ಸೂತ್ರಗಳೆಲ್ಲ ಸರಿ. ಗೋಡೆ ಇದ್ದದ್ದು ಕೆಟ್ಟಿತ್ತು. ಮೇಜು ಇದ್ದದ್ದು ಕೆಟ್ಟಿತ್ತು. ನೀರಿನ ತೊಟ್ಟಿಯದು ಕೆಟ್ಟಿತ್ತು. ಕೆಲವು ಮಾತ್ರ. ಆರಿಸಿ ಆರಿಸಿ ಕೆಡಿಸಿದ ಹಾಗೆ.

ಆರಿಸಿ ಕೆಡಿಸಿದ ಹಾಗೆ. ಈ ಮಾತು ಒಮ್ಮೆ ತಲೆಗೆ ಹೊಕ್ಕಿದ್ದೇ ತಡ, ಇಳಿಯಲೇ ಇಲ್ಲ. ಮೂಡಲಪಾಳ್ಯದ ಮನೆಗೆ ಹೋಗುವ ಬಸ್ಸಿನಲ್ಲಿ ನಿಂತು ಯೋಚಿಸಿದಳು. ಪಾರ್ಸರ್ ಬಿದ್ದರೆ ಯಾರಿಗೆ ಲಾಭ? ಅಮರೇಶನ ಒಂದು ಸಾಲಿನ ಕೋಡು ಮತ್ತೆ ಬರುತ್ತದೆ. ತಪ್ಪು ಹುಡುಕಿ ಎಲ್ಲರೆದುರು ನಕ್ಕವನು ಯಾರು? ಅಮರೇಶ. ಸೂತ್ರಗಳ ಫೈಲು ಯಾರ ಕೈಯಲ್ಲಿದೆ? ಮರುದಿನ ಬಂದವಳೇ ಫೈಲಿನ ಇತಿಹಾಸ ತೆಗೆದಳು. ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಕೊನೆಯದಾಗಿ ಮುಟ್ಟಿದವನು ಅಮರೇಶನೇ.

ಅವಳು ಯಂತ್ರ ಬಿಚ್ಚಿ ನೋಡಲಿಲ್ಲ. ಹತ್ತಿರ ನಿಂತ ಮನುಷ್ಯನ ಮುಖ ನೋಡಿದಳು.

"ಅಮರೇಶ, ಫೈಲಲ್ಲಿ ಏನ್ ಮಾಡಿದೀಯ?"

"ಯಾವ್ ಫೈಲು?"

"ನಾಟಕ ಬೇಡ. ಸೂತ್ರದ ಫೈಲು. ಗೋಡೆ, ಮೇಜು, ನೀರು. ನನ್ ಪಾರ್ಸರ್ ಬೀಳ್ಲಿ ಅಂತ ಏನೋ ತುರುಕಿದೀಯ."

ಅಮರೇಶ ತಿನ್ನುತ್ತಿದ್ದ ಖಾರಾ ಬನ್ನು ಕೆಳಗಿಟ್ಟ. "ಏನೇ ಹೇಳ್ತಿದೀಯ? ಚನ್ನವೀರಪ್ಪ ಸಾರ್ ಕಳಿಸಿದ್ರು, ನಾನು ಕಾಪಿ ಮಾಡಿ ಪೇಸ್ಟ್ ಮಾಡ್ದೆ. ಒಂದಕ್ಷರ ಮುಟ್ಟಿಲ್ಲ."

"ಮುಟ್ಟದೇ ಹ್ಯಾಂಗ್ ಕೆಡ್ತದ? ನಾ ಬರದ್ರ ಬರ್ತದ, ನೀ ಹಾಕಿದ್ರ ಬರಂಗಿಲ್ಲ?" ಸಿಟ್ಟು ಬಂದಾಗ ಅವಳ ಬಾಯಲ್ಲಿ ಬೆಂಗಳೂರು ನಿಲ್ಲುವುದಿಲ್ಲ.

"ನಿನ್ ಪಾರ್ಸರ್ ಕೆಟ್ಟದ, ಅದಕ್ಕ" ಎಂದು ಅವನೂ ಊರಿನ ಮಾತಿಗೆ ಇಳಿದ. "ನಂದು ಒಂದ್ ಸಾಲು ಇತ್ತು, ಚೆಂದ ಓಡ್ತಿತ್ತು. ಎಲ್ಲಿಂದ ಕದ್ದು ತಂದೀಯೋ ಏನೋ, ತಿದ್ದಾಕ್ ಬರವಲ್ದು. ಈಗ ನನ್ ಮ್ಯಾಲ ಹಾಕ್ತಿ."

ಕಲ್ಮೇಶ ಗಾಜಿನ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದ. ಬಿಡಿಸಲು ಬರಲಿಲ್ಲ. ಇಬ್ಬರು ಕೆಲಸಗಾರರು ಒಬ್ಬರ ಮೇಲೊಬ್ಬರು ಕಣ್ಣಿಟ್ಟರೆ ಮಾಲೀಕನಿಗೆ ಇನ್ನೊಂದು ಕ್ಯಾಮೆರಾ ಉಳಿತಾಯ. ಮಧ್ಯಾಹ್ನ ಮಾತ್ರ ಹೊರಗೆ ಬಂದು ತೀರ್ಪು ಹೇಳಿದ: "ನಾಳೆ ಸಂಜೆ ತನಕ ನೋಡ್ತೀನಿ. ಸರಿ ಹೋಗ್ಲಿಲ್ಲ ಅಂದ್ರೆ ಅಮರೇಶಂದು ಹಳೇದೇ ಹಾಕಿ ತೋರಿಸ್ತೀನಿ. ಆಮೇಲೆ ನಿಮ್ ವಿಚಾರ ಮಾತಾಡೋಣ ಗುರುದೇವಿ."

'ನಿಮ್ ವಿಚಾರ' ಅಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

ಅವಳು ಚನ್ನವೀರಪ್ಪನವರಿಗೆ ಫೋನ್ ಹಚ್ಚಿದಳು. ಅವರ ಮೇಲೂ ಅನುಮಾನ ಬಂದಿತ್ತು. ಮಾಲೀಕನ ನೆಂಟರು, ಯಾರು ಬಲ್ಲರು.

"ಸಾರ್, ಗೋಡೆ ಅನ್ನೋದನ್ನ ಹೇಗೆ ಟೈಪ್ ಮಾಡಿದ್ರಿ?"

"ಹೇಗೆ ಅಂದ್ರೆ? ಗೋಡೆ ಅಂತ್ಲೇ."

"ಕಾಗುಣಿತ..."

"ಏನಮ್ಮಾ, ನನಗೆ ಕಾಗುಣಿತ ಕೇಳ್ತೀಯಾ? ನೀನು ಹುಟ್ಟೋಕ್ ಮುಂಚೆಯಿಂದ ಕನ್ನಡ ಕೂರಿಸ್ತಾ ಇದೀನಿ ನಾನು. ಒಂದ್ ಕರೆಯೋಲೇಲಿ ಒಂದ್ ತಪ್ಪು ತೋರ್ಸು." ಫೋನ್ ಇಟ್ಟರು.

ಮರುದಿನ ಬೆಳಿಗ್ಗೆ ಸಿದ್ಧ ಸೂತ್ರವನ್ನು ತನ್ನ ಫೋನಲ್ಲೇ ತೆರೆದಳು. 'ಗೋಡೆ' ಅಂತಲೇ ಇದೆ. ದಿಟ್ಟಿಸಿದಳು. ಹಿಗ್ಗಿಸಿ ನೋಡಿದಳು. ಗೋಡೆಯೇ. ರೇಗಿತು. ಈ ದರಿದ್ರ ಪದವನ್ನು ಅಳಿಸಿ ಮತ್ತೆ ಬರೆಯೋಣ ಎಂದು ಅಳಿಸುವ ಗುಂಡಿ ಒತ್ತಿದಳು. 'ಡೆ' ಹೋಗಿ 'ಡ' ಆಯಿತು. ಇನ್ನೊಮ್ಮೆ ಒತ್ತಿದಳು, 'ಡ' ಹೋಯಿತು. 'ಗೋ' ಉಳಿಯಿತು. ಮತ್ತೊಮ್ಮೆ ಒತ್ತಿದಳು.

'ಗೊ' ಆಯಿತು.

ಬೆರಳು ಅಲ್ಲೇ ನಿಂತಿತು. ದೀರ್ಘ ಮಾತ್ರ ಕಳಚಿಬಿದ್ದಿತ್ತು. ಕೆಳಗೆ ತಾನೇ 'ಗೋ' ಎಂದು ಬರೆದು ಅಳಿಸಿ ನೋಡಿದಳು. ಒಂದೇ ಏಟಿಗೆ 'ಗ' ಆಯಿತು. ಹ್ರಸ್ವ ನಡುವೆ ಬರಲೇ ಇಲ್ಲ.

ಎರಡೂ ಪದಗಳನ್ನು ಕಂಪ್ಯೂಟರಿಗೆ ತಂದು, ಒಳಗೆ ಎಷ್ಟು ತುಂಡುಗಳಿವೆ ಎಂದು ಕೇಳಿದಳು. ತಾನು ಬರೆದ ಗೋಡೆಗೆ ನಾಲ್ಕು. ಚನ್ನವೀರಪ್ಪನವರ ಗೋಡೆಗೆ ಐದು. ಅವಳದರಲ್ಲಿ ಗ, ದೀರ್ಘದ ಸಮೇತ ಓಕಾರ, ಡ, ಎಕಾರ. ಅವರದರಲ್ಲಿ ಗ, ಹ್ರಸ್ವ ಒಕಾರ, ಆಮೇಲೆ ಬೇರೆಯಾಗಿ ಒಂದು ದೀರ್ಘ, ಆಮೇಲೆ ಡ, ಎಕಾರ. ಕಂಪ್ಯೂಟರ್ ಪ್ರತಿ ತುಂಡಿಗೂ ಒಂದು ಸಂಖ್ಯೆ ಇಟ್ಟಿರುತ್ತದೆ. ಪರದೆಯ ಮೇಲೆ ಒಂದೇ ರೂಪ, ಒಳಗೆ ಬೇರೆ ಬೇರೆ ಸಂಖ್ಯೆಗಳು. ಪಾರ್ಸರ್ ರೂಪ ನೋಡುವುದಿಲ್ಲ, ಸಂಖ್ಯೆ ನೋಡುತ್ತದೆ. ಅದರ ಪಾಲಿಗೆ ಇವು ಎರಡು ಗೋಡೆ.

ಮೇಜಿನಲ್ಲೂ ದೀರ್ಘ. ನೀರಿನಲ್ಲೂ ದೀರ್ಘ. ಉದ್ದ, ಅಗಲ, ಎತ್ತರದಲ್ಲಿ ಇರಲಿಲ್ಲ. ಆರಿಸಿ ಕೆಡಿಸಿದವನು ಮನುಷ್ಯನಲ್ಲ.

ಮತ್ತೆ ಫೋನ್ ಮಾಡಿದಳು. "ಸಾರ್, ಕಾಗುಣಿತ ಸರಿ ಇದೆ. ನೀವು ಬರೆದಿದ್ದು ಯಾವ ಸಾಫ್ಟ್‌ವೇರಲ್ಲಿ?"

ಚನ್ನವೀರಪ್ಪ ಇನ್ನೂ ಬಿಗಿಯಾಗಿದ್ದರು. "ನನ್ನ ಹಳೇ ಫಾಂಟಲ್ಲೇ. ಹೊಸದು ನನಗೆ ಕೈ ಕೂರಲ್ಲ. ಆಮೇಲೆ ಯುನಿಕೋಡ್ ಮಾಡೋ ಕನ್ವರ್ಟರಿಗೆ ಹಾಕಿ ಕಳಿಸ್ದೆ. ಅದ್ರಲ್ಲೇನ್ ತಪ್ಪು?"

"ಹಳೇ ಫಾಂಟಲ್ಲಿ ದೀರ್ಘ ಬೇರೆ ತುಂಡಾ ಸಾರ್?"

"ಹ್ಞೂಂ ಮತ್ತೆ. ದೀರ್ಘ ಬೇರೆ, ಕೊಂಬು ಬೇರೆ, ಅಂಟಿಸ್ತಾ ಹೋಗೋದು. ಅದ್ಯಾಕ್ ಕೇಳ್ತಿದೀಯ? ನನ್ ಮೇಲೆ ಏನ್ ಹಾಕ್ಬೇಕು ಅಂತಿದೀಯ?"

"ಏನೂ ಇಲ್ಲ ಸಾರ್."

ಅಂಟಿಸಿದ ದೀರ್ಘವನ್ನು ಕನ್ವರ್ಟರ್ ಅಂಟಿಸಿದಂತೆಯೇ ಬಿಟ್ಟಿತ್ತು. ಹಳೆ ಅಚ್ಚುಮನೆಯ ಪದ್ಧತಿಯೊಂದು ವಾಟ್ಸಾಪ್ ಹಿಡಿದು ಬಂದು ಇವಳ ಪಾರ್ಸರಿನ ಬಾಗಿಲು ತಟ್ಟಿತ್ತು.

ಸಂಜೆ ಕಲ್ಮೇಶ, ಅಮರೇಶ ಇಬ್ಬರೂ ಅವಳ ಮೇಜಿನ ಹಿಂದೆ ನಿಂತರು. ಅವಳು ಮೊದಲು ತನ್ನದನ್ನು ತೋರಿಸಲಿಲ್ಲ. "ಅಮರೇಶ, ನಿಂದು ಹಳೇ ಸಾಲು ಹಾಕು. ಇದೇ ಸೂತ್ರ ಕೊಡು."

"ಯಾಕೆ?"

"ಹಾಕು. ಸಭೇಲಿ ಅದನ್ನೇ ತೋರಿಸೋದಲ್ವಾ?"

ಅಮರೇಶ ಅನುಮಾನದಿಂದಲೇ ಹಾಕಿದ. ಗೋಡೆಗೆ ಹನ್ನೆರಡು ಕೊಟ್ಟ, ಉಳಿದವನ್ನೂ ಕೊಟ್ಟ, ಸಿದ್ಧ ಸೂತ್ರ ನಡೆಸಿದ. ಕೆಂಪು ಸಾಲು ಬಂತು: ಗೋಡೆ ಎಂಬುದು ಇಲ್ಲ.

ಜಾವಾಸ್ಕ್ರಿಪ್ಟಿಗೂ ಸಂಖ್ಯೆಯೇ ಕಣ್ಣು. ಅದಕ್ಕೂ ಇವು ಎರಡು ಗೋಡೆ.

"ಇದಕ್ಕೂ ಏನೋ ಮಾಡಿದೀಯ" ಅಂದ ಅಮರೇಶ.

"ನಿನ್ ಲ್ಯಾಪ್‌ಟಾಪು, ನಿನ್ ಕೋಡು, ನಿನ್ ಬೆರಳು. ನಾನೆಲ್ಲಿ ಮುಟ್ದೆ?"

ಅವನು ತಲೆ ಕೆರೆದುಕೊಂಡ. ಅವಳು ಎರಡು ಗೋಡೆಗಳನ್ನೂ ಪರದೆಯಲ್ಲಿ ಅಕ್ಕಪಕ್ಕ ಇಟ್ಟು, ಒಂದೊಂದಾಗಿ ಅಳಿಸಿ ತೋರಿಸಿದಳು. ಒಂದರಲ್ಲಿ ದೀರ್ಘ ಕಳಚಿ 'ಗೊ' ಉಳಿಯಿತು, ಇನ್ನೊಂದರಲ್ಲಿ ನೇರವಾಗಿ 'ಗ'. ಅಮರೇಶ ಬಾಗಿ ನೋಡಿದ. ತಾನೇ ಮತ್ತೆ ಒತ್ತಿದ. ಮತ್ತೆ ಒತ್ತಿದ.

"ಥೂ" ಅಂದ. "ನಮ್ಮಿಬ್ಬರನ್ನ ಜಗಳಕ್ಕೆ ಹಚ್ಚಿದ್ದು ಈ ದೀರ್ಘನಾ?"

ಗುರುದೇವಿ ಪಾರ್ಸರಿನ ಬಾಗಿಲಲ್ಲೇ, ಸಾಲನ್ನು ತುಂಡು ಮಾಡುವ ಮೊದಲು, ಒಂದು ಸಾಲು ಸೇರಿಸಿದಳು. ಬಂದ ಬರಹ ಯಾವ ರೂಪದಲ್ಲೇ ಇರಲಿ, ಬಿಡಿಬಿಡಿಯಾಗಿದ್ದರೆ ಕೂಡಿಸಿ ಒಂದೇ ರೂಪಕ್ಕೆ ತರುವ ಸಾಲು. ಅದಕ್ಕೆ ಸಿದ್ಧ ಫಂಕ್ಷನ್ ಇದೆ, ಕರೆಯುವುದಷ್ಟೇ ಕೆಲಸ. 'ಗೋಡೆ = 12' ಎಂದು ಹೆಸರಿಡುವಾಗಲೂ ಅದೇ ಬಾಗಿಲು, ಸೂತ್ರ ಓದುವಾಗಲೂ ಅದೇ ಬಾಗಿಲು. ಇನ್ನು ಗೋಡೆ ಒಂದೇ.

ಕಲ್ಮೇಶನ ಫೋನಲ್ಲಿ 87 ಬಂತು.

ಅವನು ಫೋನು ನೋಡಿದ, ಕೋಡು ನೋಡಿದ. "ಒಂದ್ ಸಾಲಾ?" ಅಂದ. "ಒಂದ್ ಸಾಲಿಗೆ ಇಷ್ಟು ದಿನಾನಾ?"

ಕೆಂಗೇರಿ ಉಪನಗರದ ಸಭೆಯಲ್ಲಿ ಪೇಂಟರ್‌ಗಳು ಆ್ಯಪನ್ನು ನಂಬಲಿಲ್ಲ, ಬಳಸಿದರು. ಎರಡೂ ಬೇರೆ. ಹನುಮಯ್ಯ ಎಂಬ ಮೇಸ್ತ್ರಿ, "ಇದು ನಮ್ ಫೋನಲ್ಲಿರೋದನ್ನೆಲ್ಲ ಓದಿ ಯಾರಿಗಾದ್ರೂ ಕಳಿಸುತ್ತೇನಮ್ಮಾ?" ಎಂದು ಮೂರು ಸಲ ಕೇಳಿದ. ಇಲ್ಲ ಎಂದು ಅವಳು ಮೂರು ಸಲವೂ ಹೇಳಿದಳು. ಆತ ಬೇಕೆಂದೇ ಒಂದು ಬ್ರಾಕೆಟ್ ಮುಚ್ಚದೆ ಬಿಟ್ಟು ನೋಡಿದ. ಆ್ಯಪ್ "ತೆರೆದ ಬ್ರಾಕೆಟ್ ಮುಚ್ಚಿಲ್ಲ" ಅಂದಿತು. ಯಾವುದೋ ಹೆಸರಿಗೆ ಸೊನ್ನೆ ಕೊಟ್ಟು ಅದರಿಂದ ಭಾಗಿಸಿದ. "ಸೊನ್ನೆಯಿಂದ ಭಾಗಿಸಲಾಗದು" ಅಂದಿತು. "ಪರ್ವಾಗಿಲ್ಲ, ಗೊತ್ತಿಲ್ದಿದ್ದನ್ನ ಗೊತ್ತಿಲ್ಲ ಅನ್ನುತ್ತೆ" ಎಂದು ಜೇಬಿಗಿಟ್ಟುಕೊಂಡ. ನಾಲ್ಕಾರು ಕೀಬೋರ್ಡುಗಳಲ್ಲಿ ನಾಲ್ಕಾರು ಥರ ಬರೆದ ಗೋಡೆಗಳು ಬಂದವು. ಒಂದೂ ಬೀಳಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ಕಲ್ಮೇಶ ಅವಳ ಪಕ್ಕದಲ್ಲಿ ನಿಂತ. ಅಮರೇಶ ಬ್ಯಾನರ್ ಹಿಡಿದು ಬೋಗಿಯ ಆ ತುದಿಯಲ್ಲಿದ್ದ.

"ಗುರುದೇವಿ, ನಿಮ್ಮನ್ನ ಕಾಯಂ ಮಾಡೋಣ ಅಂತಿದೀನಿ. ಒಂದ್ ಕೆಲ್ಸ ಮಾಡಿ. ಈ ಗೋಡೆ ಗಲಾಟೆ ಬಗ್ಗೆ ಒಂದು ಇಮೇಲ್ ಹಾಕಿ. ಫೈಲು ಪರೀಕ್ಷೆ ಮಾಡ್ದೆ ಹಾಕಿದ್ದು ಅಮರೇಶ, ತಪ್ಪು ಅವನದ್ದು ಅಂತ. ಅಷ್ಟೇ. ಅವನ ಬಾಯಿ ಜಾಸ್ತಿ ಆಗಿದೆ, ಸಂಬಳ ಏರಿಸಿ ಅಂತಾನೆ. ನನ್ನತ್ರ ಏನಾದ್ರೂ ಇರ್ಬೇಕಲ್ಲ."

ಗುರುದೇವಿಗೆ ಗಾರ್ಮೆಂಟ್ಸಿನ ಸೂಪರ್‌ವೈಸರ್ ನೆನಪಾದನೋ ಇಲ್ಲವೋ ಗೊತ್ತಿಲ್ಲ. ಅವಳು ಹೇಳಿದ್ದು ಇಷ್ಟು: "ಸಾರ್, ಬಾಗಿಲಲ್ಲಿ ನಿಂತು ನೋಡ್ಬೇಕಾಗಿದ್ದು ಪಾರ್ಸರು. ಬರೋರು ಹೇಗೆ ಬೇಕಾದ್ರೂ ಬರೀತಾರೆ, ಒಂದೇ ರೂಪಕ್ಕೆ ತರೋದು ಅದ್ರ ಕೆಲಸ. ಅದನ್ನ ಬರ್ದೋಳು ನಾನು. ತಪ್ಪು ನಂದು. ಬೇಕಾದ್ರೆ ಹಂಗೇ ಇಮೇಲ್ ಹಾಕ್ತೀನಿ."

"ನಿಮ್ ಮೇಲೆ ನೀವೇ?"

"ಹ್ಞೂಂ ಸಾರ್."

ಕಲ್ಮೇಶ ಅವಳನ್ನು ಮೇಲಿಂದ ಕೆಳಗೆ ನೋಡಿದ. ಇವಳು ಯಾರ ಕಡೆಯವಳು ಎಂದು ಅವನಿಗೂ ಅರ್ಥವಾಗಲಿಲ್ಲ. ಅವಳು ಇಮೇಲ್ ಹಾಕಿದಳು, ಹೇಳಿದಂತೆಯೇ. ಅವನಿಗೆ ಅವಳನ್ನು ಕಳಿಸಲು ಆಗಲಿಲ್ಲ. ಪಾರ್ಸರ್ ಊರು ಸುತ್ತುತ್ತಿತ್ತು, ಅದರ ಒಳಗು ಗೊತ್ತಿದ್ದವಳು ಅವಳೊಬ್ಬಳೇ. ಕಾಯಂ ಮಾಡಲು ಮನಸ್ಸು ಬರಲಿಲ್ಲ. ತಪ್ಪು ತನ್ನದೇ ಎಂದು ಅವಳೇ ಬರೆದುಕೊಟ್ಟಿದ್ದಾಳಲ್ಲ ಎಂದು ಪ್ರೊಬೇಷನ್ನನ್ನು ಇನ್ನೂ ಮೂರು ತಿಂಗಳು ಎಳೆದ.

ಅಮರೇಶನಿಗೆ ವಿಷಯ ಹೇಗೋ ತಿಳಿಯಿತು. ಅಂಥ ಕೋಣೆಗಳಲ್ಲಿ ಗಾಜು ಎರಡೂ ಕಡೆಗೆ ಕೇಳಿಸುತ್ತದೆ. ಸೋಮವಾರ ಒಂದು ಖಾರಾ ಬನ್ನು ತಂದು ಅವಳ ಮೇಜಿನ ಮೇಲಿಟ್ಟ.

"ನಿನ್ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯ್ತು" ಅಂದಳು.

"ನಾನೂ ಪಟ್ಟಿದ್ದೆ ಗುರು, ಕದ್ದು ತಂದಿದೀಯ ಅಂತ." ಬನ್ನನ್ನು ಅವಳ ಕಡೆ ತಳ್ಳುತ್ತಾ, "ಈಗ್ಲೂ ಒಂಚೂರು ಇದೆ" ಅಂದ.

"ಇರ್ಲಿ ಬಿಡು. ಪರೀಕ್ಷೆ ಮಾಡೋನಿಗೆ ಅದು ಬೇಕು."

ಅವನು ಕುರ್ಚಿ ಎಳೆದುಕೊಂಡು ಕೂತು, ಅವಳ ಪಾರ್ಸರಿಗೆ ಒಂದು ಸಾಲು ಕೊಟ್ಟ. ಎರಡು ಕಳೆಯುವ ಚಿಹ್ನೆ ಅಕ್ಕಪಕ್ಕ: 5 − −3. ಕಣ್ಣು ಕಿರಿದು ಮಾಡಿ ಪರದೆಯನ್ನೇ ನೋಡಿದ. ಅವಳೂ ನೋಡಿದಳು. ಕ್ಯಾಮೆರಾ ಇಬ್ಬರನ್ನೂ ನೋಡಿತು.

ಎಂಟು ಬಂತು.

"ಯಾರ್ ಹೇಳ್ಕೊಟ್ರು ನಿಂಗೆ?" ಎಂದು ಕೇಳಿ, ಇನ್ನೊಂದು ಸಾಲು ಬರೆಯತೊಡಗಿದ.